ಒಂದೇ ಸೀರೆಯ ಅಕ್ಕತಂಗಿಯರು: ಒಂದು ಆಪ್ತಸಲಹೆ ಪ್ರಕರಣ

ವಿದ್ಯಾ ಎಂದು ಇಲ್ಲಿ ಕರೆಯುತ್ತಿರುವ ಮಹಿಳೆಗೆ ಮೂವತ್ತರ ನಡುವಿನ ವಯಸ್ಸು. ಗಂಡ, ಒಂದು ಮಗು, ಕಾಯಂ ನೌಕರಿ. ಸುಮಾ ಎಂಬುವವಳು ವಿದ್ಯಾ ಅವರ ಚಿಕ್ಕಮ್ಮನ ಮಗಳು, ಎರಡು ವರ್ಷ ಚಿಕ್ಕವಳು. ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ. ಸುಮಾ ಒಂದು ಷರತ್ತು ಹಾಕಿದರು: "ನನ್ನನ್ನು ಪಾಪದವಳ ಹಾಗೆ ಬರೆಯಬೇಡಿ."

ವಿದ್ಯಾ ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ದೂರಿನೊಂದಿಗೆ. ಸೋದರಮಾವನ ಮಗನ ಮದುವೆ ಮುಗಿದು ಮೂರು ವಾರವಾಗಿತ್ತು. ರಾತ್ರಿ ಎರಡು ಗಂಟೆಯವರೆಗೂ ಮದುವೆಮನೆಯೇ ಕಣ್ಣ ಮುಂದೆ ಬರುತ್ತದೆ ಎಂದರು. ಇಂಥ ದೂರು ಬಂದಾಗ ಮೊದಲು ನೋಡುವುದು ಇದು ಖಿನ್ನತೆಯ ಆರಂಭವೇ ಎಂದು. ದಿನದ ಬಹುಪಾಲು ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಇವು ಎರಡು ವಾರಕ್ಕೂ ಹೆಚ್ಚು ಉಳಿದಿದ್ದರೆ ಮನೋವೈದ್ಯರ ಬಳಿಗೆ ಕಳುಹಿಸುವುದು ಸರಿ. ವಿದ್ಯಾ ಊಟ ಮಾಡುತ್ತಿದ್ದರು, ಕಚೇರಿಗೆ ಹೋಗುತ್ತಿದ್ದರು, ಮಗುವಿನೊಡನೆ ನಗುತ್ತಿದ್ದರು. ಹಗಲೆಲ್ಲ ಸರಿಯಿದ್ದು, ದೀಪ ಆರಿಸಿದೊಡನೆ ಒಂದೇ ದೃಶ್ಯ ಮರುಕಳಿಸುತ್ತಿತ್ತು.

ಆ ದೃಶ್ಯ ಹೀಗಿದೆ. ಮುಹೂರ್ತದ ದಿನ ಬೆಳಿಗ್ಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಮೇಜಿನ ಬಳಿ ಅಕ್ಕತಂಗಿಯರು ಎದುರುಬದುರಾದರು. ಇಬ್ಬರದೂ ಬದನೆಕಾಯಿ ಬಣ್ಣದ ಸೀರೆ, ಅಂಗೈಯಗಲದ ಜರಿ ಅಂಚು, ಸೆರಗಿನಲ್ಲಿ ಅದೇ ಜರಿಯ ಪಟ್ಟೆಗಳು. ಯಾರೋ "ಮಾತಾಡಿಕೊಂಡು ಉಟ್ಟಿದ್ದೀರೇನೇ?" ಎಂದು ನಕ್ಕರು. ಛಾಯಾಗ್ರಾಹಕ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಚಿತ್ರ ತೆಗೆದ.

ಆದರೆ ಸೀರೆಗಳು ನಿಜಕ್ಕೂ ಒಂದೇ ಆಗಿರಲಿಲ್ಲ. ವಿದ್ಯಾ ಅವರದು ಮೈಸೂರಿನ ಸರ್ಕಾರಿ ಕಾರ್ಖಾನೆಯ ರೇಷ್ಮೆ. ಬೆಳಿಗ್ಗೆಯೇ ಮಳಿಗೆಯ ಮುಂದೆ ಸಾಲಿನಲ್ಲಿ ನಿಂತು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೊಟ್ಟು ತಂದದ್ದು. ಸುಮಾ ಉಟ್ಟದ್ದು ಮೊಬೈಲಿನಲ್ಲಿ ನೋಡಿ ತರಿಸಿಕೊಂಡ, ಅದೇ ವಿನ್ಯಾಸದ ಅಗ್ಗದ ಪ್ರತಿ. ದೂರದಿಂದ ವ್ಯತ್ಯಾಸ ತಿಳಿಯುವುದು ಕಷ್ಟ. ಮೈಸೂರು ರೇಷ್ಮೆಯ ಒಡಲು ಸಾಮಾನ್ಯವಾಗಿ ಹೂಬಳ್ಳಿಗಳಿಲ್ಲದೆ ಒಂದೇ ಬಣ್ಣದಲ್ಲಿರುತ್ತದೆ, ಸೊಬಗೆಲ್ಲ ಅಂಚಿನಲ್ಲಿರುತ್ತದೆ. ಹಾಗಾಗಿ ನಕಲು ಮಾಡುವುದು ಸುಲಭ. ಹತ್ತಿರ ಬಂದು ಮುಟ್ಟಿದರೆ ಮಾತ್ರ ಅಸಲಿಯ ಮೆತ್ತನೆಯ ತೂಕ, ಮೈಗೆ ಒಗ್ಗಿ ಇಳಿಯುವ ನೆರಿಗೆ ಗೊತ್ತಾಗುತ್ತವೆ. ಕಾರ್ಖಾನೆಯ ಸೀರೆಯ ಮೇಲೆ ಅದರದೇ ಸಂಖ್ಯೆಯೂ ಇರುತ್ತದೆ.

"ನಾನು ಏನು ತೆಗೆದುಕೊಂಡರೂ ಅವಳಿಗೆ ಅದೇ ಬೇಕು ಮೇಡಂ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೀರೆಯ ಚಿತ್ರ ಹಾಕಿದ್ದೆ. ನೋಡಿಯೇ ತರಿಸಿದ್ದಾಳೆ. ಬೇಕೆಂದೇ ಮುಹೂರ್ತಕ್ಕೆ ಉಟ್ಟು ಬಂದಿದ್ದಾಳೆ" ಎಂದರು ವಿದ್ಯಾ. ಅಂದಿನ ಮಾತು ಮುಗಿಯುವವರೆಗೂ ಸುಮಾ ಮೇಲಿನ ಸಿಟ್ಟೇ ಹರಿಯಿತು. ನಾನು ತಡೆಯಲಿಲ್ಲ.

ಕೊನೆಯಲ್ಲಿ ಮನೆಗೆಲಸವಾಗಿ ಒಂದು ಹಾಳೆ ಕೊಟ್ಟೆ, ನಡುವೆ ಗೆರೆ ಎಳೆದು. ಎಡಗಡೆ ಮದುವೆಯ ವಿಡಿಯೊದಲ್ಲಿ ಕಾಣುವಂಥದ್ದು, ಕೇಳುವಂಥದ್ದು ಮಾತ್ರ. ಬಲಗಡೆ ನಾವು ಊಹಿಸಿದ್ದು. 'ಸುಮಾ ಬದನೆಕಾಯಿ ಬಣ್ಣದ ಸೀರೆ ಉಟ್ಟಿದ್ದಳು' ಎಡಕ್ಕೆ ಹೋಗುತ್ತದೆ. 'ಬೇಕೆಂದೇ ಉಟ್ಟಳು' ಬಲಕ್ಕೆ. ಬಲಗಡೆಯ ಒಂದೊಂದು ಸಾಲಿಗೂ ಎಡಗಡೆ ಆಧಾರ ಹುಡುಕಬೇಕು, ಪರ ವಿರೋಧ ಎರಡೂ. ವಾಟ್ಸ್‌ಆ್ಯಪ್ ಗುಂಪಿನ ಆ ಹಳೆಯ ಸಂದೇಶವನ್ನೂ ನೋಡಿಕೊಂಡು ಬನ್ನಿ ಎಂದೆ. ಅದರಲ್ಲಿ ಏನು ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ. ನೆನಪಿನಿಂದ ಹೇಳುವ ಸಂದೇಶಕ್ಕೂ ಬರೆದ ಸಂದೇಶಕ್ಕೂ ಅಂತರವಿರುವುದು ಈ ವೃತ್ತಿಯಲ್ಲಿ ನಿತ್ಯ ಕಾಣುವ ಸಂಗತಿ.

ಮುಂದಿನ ಭೇಟಿಗೆ ಬಂದಾಗ ವಿದ್ಯಾ ಹಾಳೆಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತರು. ಗುಂಪಿನಲ್ಲಿ ಅವರು ಬರೆದಿದ್ದದ್ದು: "ಆರತಕ್ಷತೆಗೆ ಇದು. ಮುಹೂರ್ತಕ್ಕೆ ಅಮ್ಮನ ಕೆಂಪು ಸೀರೆ." ಅಮ್ಮನ ಸೀರೆಯ ರವಿಕೆ ಬಿಗಿಯಾಗಿತ್ತೆಂದು ಹಿಂದಿನ ರಾತ್ರಿ ಮನಸ್ಸು ಬದಲಿಸಿದವರು ಅವರೇ. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂದರೆ ಸುಮಾ ಆ ಸೀರೆಯನ್ನು ಮುಹೂರ್ತಕ್ಕೆ ಉಟ್ಟದ್ದು, ಅಕ್ಕನ ಜೊತೆ ಒಂದೇ ಹೊತ್ತಿನಲ್ಲಿ ಕಾಣಿಸಿಕೊಳ್ಳಬಾರದೆಂದೇ ಇರಬಹುದು.

"ಇದೂ ಊಹೆಯೇ, ಬಲಗಡೆಯೇ ಬರೆದುಕೊಳ್ಳಿ" ಎಂದೆ. ಒಂದು ಊಹೆ ಬಿದ್ದೊಡನೆ ಅದರ ತದ್ವಿರುದ್ಧದ ಊಹೆಯನ್ನು ಸತ್ಯವೆಂದು ಅಪ್ಪಿಕೊಳ್ಳುವುದು ನಮಗೆಲ್ಲ ಸಲೀಸು.

ಹಾಳೆಯ ಎಡಗಡೆ, ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಮೊದಲ ಭೇಟಿಯಲ್ಲಿ ಅದರ ಸುದ್ದಿಯೇ ಬಂದಿರಲಿಲ್ಲ. ಧಾರೆ ಮುಗಿದ ಮೇಲೆ ಹೆಂಗಸರೆಲ್ಲ ಕುಳಿತಿದ್ದಾಗ ದೊಡ್ಡ ಅತ್ತೆ ಇಬ್ಬರ ಸೆರಗನ್ನೂ ಹಿಡಿದು, "ಎರಡೂ ಒಂದೇ ಅಂಗಡಿಯದೇನೇ?" ಎಂದು ಕೇಳಿದ್ದರು. ಸುಮಾ ಬಾಯಿ ತೆರೆಯುವ ಮೊದಲೇ ವಿದ್ಯಾ ಹೇಳಿದ್ದರು: "ಮುಟ್ಟಿ ನೋಡಿ ಅತ್ತೆ, ನಿಮಗೇ ತಿಳಿಯುತ್ತದೆ. ನನ್ನದು ಅಸಲಿ." ನಾಲ್ಕಾರು ಜನ ನಕ್ಕರು. ಸುಮಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟದ ಮನೆಯ ಕಡೆ ಹೋದವಳು ಆರತಕ್ಷತೆಗೆ ನಿಲ್ಲಲಿಲ್ಲ.

ನಿದ್ದೆ ಕೆಡಿಸಿದ್ದು ಈ ಮಾತು. ಸಿಟ್ಟು ಅದರ ಮೇಲೆ ಹೊದಿಸಿದ ಬಟ್ಟೆ.

ಆ ಮಾತಿಗೇಕೆ ಅಷ್ಟು ಭಾರ ಎಂದು ತಿಳಿಯಲು ಕುಟುಂಬದ ನಕ್ಷೆ ಬರೆದೆವು. ಮೂರು ತಲೆಮಾರು, ಯಾರು ಯಾರ ಆಸರೆಯಲ್ಲಿದ್ದರು, ಹಣ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂಬ ಗೆರೆಗಳ ಸಮೇತ. ಸುಮಾಳ ತಂದೆ ಬೇಗ ತೀರಿಕೊಂಡಿದ್ದರು. ಹೈಸ್ಕೂಲಿನವರೆಗೆ ಅವಳು ಹಾಕಿದ್ದೆಲ್ಲ ವಿದ್ಯಾಳಿಗೆ ಚಿಕ್ಕದಾದ ಲಂಗ, ಫ್ರಾಕುಗಳು. "ಏನು ತೆಗೆದುಕೊಂಡರೂ ಅವಳಿಗೆ ಅದೇ ಬೇಕು" ಎಂಬ ಮಾತನ್ನು ಈ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ ಎಂದೆ. ಬೇಕೆಂದು ಕೇಳಿದವಳಲ್ಲ, ಬೇರೆ ಸಿಗದವಳು. ಈಗ ಸುಮಾ ತನ್ನ ಸಂಬಳದಲ್ಲಿ ಹೊಸ ಸೀರೆ ಕೊಂಡಿದ್ದಳು. ತುಂಬಿದ ಸಭೆಯಲ್ಲಿ ಅಕ್ಕ ಮತ್ತೆ ಅವಳನ್ನು ಹಳೆಯ ಫ್ರಾಕಿನ ಕಾಲಕ್ಕೆ ಕಳುಹಿಸಿದ್ದಳು.

ವಿದ್ಯಾ ಪಾಲಿಗೂ ಒಂದು ಮಾತು ಹೇಳಬೇಕು. ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಟೆಸ್ಸರ್ 1980ರ ದಶಕದಲ್ಲಿ ವಿವರಿಸಿದ ಸಿದ್ಧಾಂತವೊಂದಿದೆ. ಹೋಲಿಕೆಯ ನೋವು ದೂರದವರಿಗಿಂತ ಹತ್ತಿರದವರಿಂದಲೇ ಹೆಚ್ಚು, ಅದೂ ನಾವು ನಮ್ಮ ಗುರುತೆಂದುಕೊಂಡ ವಿಷಯದಲ್ಲಿ. ಅಪರಿಚಿತ ಹೆಂಗಸು ಅದೇ ಸೀರೆ ಉಟ್ಟಿದ್ದರೆ ವಿದ್ಯಾ ನಕ್ಕು ಸುಮ್ಮನಾಗುತ್ತಿದ್ದರು. ಚಿಕ್ಕಂದಿನಿಂದ ಆ ಕುಟುಂಬದಲ್ಲಿ ಅವರು 'ಚೆನ್ನಾಗಿ ಉಡುವವಳು', ಸುಮಾ 'ಚೆನ್ನಾಗಿ ಓದುವವಳು'. ಈ ಹಂಚಿಕೆಯನ್ನು ಮಾಡಿದವರು ಅಮ್ಮಂದಿರು ಮತ್ತು ಅತ್ತೆಯಂದಿರು. ಛಾಯಾಗ್ರಾಹಕ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದ ಗಳಿಗೆಯಲ್ಲಿ ವಿದ್ಯಾಳ ಪಾಲು ಕೈಜಾರಿದಂತಾಗಿತ್ತು. ಅದರಿಂದ ಆ ಮಾತು ಹೇಗೆ ಹುಟ್ಟಿತೆಂದು ತಿಳಿಯುತ್ತದೆ. ಅಷ್ಟಕ್ಕೆ ಅದು ಸರಿಯಾಗುವುದಿಲ್ಲ.

ಸಲಹೆಯ ವಿಷಯಕ್ಕೆ ಬರುತ್ತೇನೆ. ರಾತ್ರಿಯ ಕೊರಗಿಗೆ ಸಾಮಾನ್ಯವಾಗಿ ಹೇಳುವ ಉಪಾಯವೊಂದಿದೆ: ಸಂಜೆ ಇಪ್ಪತ್ತು ನಿಮಿಷ ಚಿಂತೆಗೆಂದೇ ಮೀಸಲಿಟ್ಟು, ಹಾಸಿಗೆಯಲ್ಲಿ ಬಂದ ಚಿಂತೆಯನ್ನು ಮರುದಿನದ ಆ ಹೊತ್ತಿಗೆ ಮುಂದೂಡುವುದು. ಪರೀಕ್ಷೆ, ಸಾಲ, ಆರೋಗ್ಯದಂಥ ಚಿಂತೆಗಳಿಗೆ ಇದು ಎಷ್ಟೋ ಜನರಿಗೆ ನೆರವಾಗುತ್ತದೆ. ವಿದ್ಯಾ ಅವರಿಗೆ ಅದನ್ನು ಮುಖ್ಯ ಉಪಾಯವಾಗಿ ಹೇಳಲಿಲ್ಲ. ಮಾಡಬೇಕಾದ ಕೆಲಸವೊಂದು ಬಾಕಿ ಇರುವಾಗ ಮನಸ್ಸಿನ ಕೊರೆತವನ್ನು ಮುಂದೂಡಿದರೆ ಕೆಲಸವೂ ಮುಂದಕ್ಕೆ ಹೋಗುತ್ತದೆ. ಇಲ್ಲಿ ಬಾಕಿ ಇದ್ದದ್ದು ಕ್ಷಮೆ ಕೇಳುವುದು.

ಮನೆಯಲ್ಲೇ ಬರೆದುಕೊಂಡು ಬಂದಿದ್ದ ಮೊದಲ ಕರಡು: "ಸುಮಿ, ಅವತ್ತು ನನ್ನ ಮಾತಿನಿಂದ ನಿನಗೆ ಬೇಸರವಾಗಿದ್ದರೆ ಕ್ಷಮಿಸು. ನೀನೂ ಒಂದು ಮಾತು ಮೊದಲೇ ಹೇಳಬಹುದಿತ್ತು." ಇದರಲ್ಲಿ 'ಆಗಿದ್ದರೆ' ಎಂಬುದು ತಪ್ಪನ್ನು ಎದುರಿನವರ ಸೂಕ್ಷ್ಮ ಸ್ವಭಾವಕ್ಕೆ ವರ್ಗಾಯಿಸುತ್ತದೆ. ಎರಡನೆಯ ವಾಕ್ಯ ಮೊದಲನೆಯದನ್ನು ವಾಪಸು ಪಡೆಯುತ್ತದೆ. ತಿದ್ದಿ ತಿದ್ದಿ ಉಳಿದದ್ದು ಇಷ್ಟು: "ಅತ್ತೆಯರ ಮುಂದೆ ನನ್ನದು ಅಸಲಿ ಅಂದೆನಲ್ಲ, ಅದು ನಿನ್ನನ್ನು ಚಿಕ್ಕವಳನ್ನಾಗಿ ಮಾಡಲೆಂದೇ ಆಡಿದ ಮಾತು. ತಪ್ಪು ನನ್ನದು." 'ಎಂದೇ' ಎಂಬುದನ್ನು ಬಿಡಬಹುದೇ ಎಂದು ವಿದ್ಯಾ ಬಹಳ ಹೊತ್ತು ಚೌಕಾಸಿ ಮಾಡಿದರು. ಅದು ನಿಜವೇ ಎಂದು ಕೇಳಿದೆ. ನಿಜ ಎಂದರು. ಹಾಗಿದ್ದರೆ ಇರಲಿ ಎಂದೆ.

ಮೂರು ಎಚ್ಚರಿಕೆಗಳನ್ನೂ ಹೇಳಿದೆ. ಅಮ್ಮಂದಿರ ಮೂಲಕ ಹೇಳಿಕಳುಹಿಸಬಾರದು. ಇಬ್ಬರ ಜಗಳ ಮೂರನೆಯವರ ಕಿವಿಗೆ ಬಿದ್ದರೆ ಮೂರನೆಯವರದೂ ಆಗುತ್ತದೆ. (ವಿದ್ಯಾ ಅವರ ತಾಯಿ ಅಷ್ಟರಲ್ಲಾಗಲೇ ನನಗೇ ಫೋನು ಮಾಡಿ, "ಏನು ಹೇಳಿದಳು ಮೇಡಂ?" ಎಂದು ಕೇಳಿದ್ದರು. ಮಗಳನ್ನೇ ಕೇಳಿ ಎಂದು ಇಟ್ಟುಬಿಟ್ಟೆ.) ಜೊತೆಗೆ ಸೀರೆ ಉಡುಗೊರೆ ಒಯ್ಯಬಾರದು. ಅಸಲಿ ಸೀರೆಯನ್ನೇ ಕೊಟ್ಟುಬಿಡುತ್ತೇನೆ ಎಂಬ ಉತ್ಸಾಹ ವಿದ್ಯಾ ಅವರಿಗಿತ್ತು. ಉಟ್ಟ ಬಟ್ಟೆಯನ್ನು ಮತ್ತೆ ತಂಗಿಗೆ ಕೊಡುವುದೆಂದರೆ ಏನೆಂದು ನಕ್ಷೆಯ ಮೇಲೆ ಬೆರಳಿಟ್ಟ ಮೇಲೆ ಬಿಟ್ಟರು. ಕೊನೆಯದು, ಯಾಕೆ ಉಟ್ಟೆ ಎಂದು ಕೇಳಬಾರದು. ಅವಳೇ ಹೇಳಿದರೆ ಕೇಳಿಸಿಕೊಳ್ಳಬೇಕು.

ಅವಳೇ ಹೇಳಿದಳು. ಚಿತ್ರ ನೋಡಿ ಬಣ್ಣ ಇಷ್ಟವಾಗಿ ತರಿಸಿದ್ದು ನಿಜ. ಅಕ್ಕ ಆರತಕ್ಷತೆಗೆ ಉಡುತ್ತಾಳಲ್ಲ ಎಂದು ಮುಹೂರ್ತಕ್ಕೆ ಉಟ್ಟದ್ದೂ ನಿಜ. ಅದು ನಕಲು ಎಂದು ಕೊಳ್ಳುವಾಗಲೇ ಗೊತ್ತಿತ್ತು. "ಸೀರೆ ಎಂಥದೆಂದು ನನಗೇನು ತಿಳಿಯದೇ ಅಕ್ಕಾ? ನೀನು ಹೇಳಿದ್ದು ಸುಳ್ಳಲ್ಲ. ಆದರೆ ಎಲ್ಲರ ಮುಂದೆ ಹೇಳಿದೆ" ಎಂದಳಂತೆ. ಪರವಾಗಿಲ್ಲ ಎನ್ನಲಿಲ್ಲ. ಕಾಫಿ ಕೊಟ್ಟಳು, ಮಗುವನ್ನು ವಿಚಾರಿಸಿದಳು. ವಿದ್ಯಾ ಅಂದಿನಿಂದ ಹೆಚ್ಚಿನ ರಾತ್ರಿಗಳಲ್ಲಿ ಹನ್ನೊಂದಕ್ಕೆ ನಿದ್ದೆ ಹೋಗುತ್ತಿದ್ದಾರೆ. ಸುಮಾ ಮೊದಲಿನಂತೆ ವಾರಕ್ಕೊಮ್ಮೆ ಫೋನು ಮಾಡುವುದಿಲ್ಲ.

ಅದು ನ್ಯಾಯವೇ. ನೋಯಿಸಿದ್ದು ಹತ್ತು ಜನರ ಮುಂದೆ, ಕ್ಷಮೆ ಕೇಳಿದ್ದು ನಾಲ್ಕು ಗೋಡೆಗಳ ನಡುವೆ. ಹಾಗೆಂದು ಎಲ್ಲರನ್ನೂ ಕೂರಿಸಿ ಕ್ಷಮೆ ಕೇಳಿದರೆ ಸೀರೆಯ ಬೆಲೆ ಮತ್ತೊಮ್ಮೆ ಸಭೆಗೆ ಬರುತ್ತದೆ. ಸಭೆಯಲ್ಲಿ ಆದದ್ದನ್ನು ಸಭೆಯಲ್ಲಿ ನಡೆದುಕೊಳ್ಳುವ ರೀತಿಯಿಂದಲೇ ಸರಿಪಡಿಸಬೇಕಾಗುತ್ತದೆ, ಅದಕ್ಕೆ ಮುಂದಿನ ಸಮಾರಂಭದವರೆಗೆ ಕಾಯಬೇಕು.

ಆ ಸಮಾರಂಭ ಬಂದಿದೆ, ಕುಟುಂಬದಲ್ಲೊಂದು ಸೀಮಂತ. ಯಾವ ಸೀರೆ ಉಡುತ್ತೀ ಎಂದು ಸುಮಾಳನ್ನು ಮೊದಲೇ ಕೇಳಲೇ ಎಂದರು ವಿದ್ಯಾ. ಬೇಡ, ಅದು ಕಾಳಜಿಯಂತೆ ಅಲ್ಲ, ಕಾವಲಿನಂತೆ ಕೇಳಿಸುತ್ತದೆ ಎಂದೆ. ದೊಡ್ಡ ಅತ್ತೆ ಮತ್ತೆ ಯಾರದಾದರೂ ಸೆರಗು ಹಿಡಿದು ಅಂಗಡಿ, ಬೆಲೆ ಎಂದು ಶುರು ಮಾಡಿದರೆ ಮಾತು ತಿರುಗಿಸುವ ಹೊಣೆ ನಿಮ್ಮದು ಎಂದೆ. ಏನೆಂದು ತಿರುಗಿಸಲಿ ಎಂದು ಕೇಳಿದರು. ಅದನ್ನು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು, ನಾನು ಅತ್ತೆಯಾದೆ. ಅವರಿಗೆ ಒಪ್ಪಿಗೆಯಾದ ಉತ್ತರ, "ಸೆರಗು ಬಿಡಿ ಅತ್ತೆ, ಆರತಿಗೆ ಹೊತ್ತಾಯಿತು, ಬನ್ನಿ."