ಸಬ್‌ಟೈಟಲ್ ಕತ್ತರಿಸಿದರೆ ಚಿತ್ರ ಎಷ್ಟು ಹೋಗುತ್ತದೆ?

ಪ್ರಶ್ನೆ: "ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡುವಾಗ ತೆಗೆದ ಸ್ಕ್ರೀನ್‌ಶಾಟ್ ಇದೆ, 1920×1080. ಕೆಳಗಡೆ ಎರಡು ಸಾಲು ಇಂಗ್ಲಿಷ್ ಸಬ್‌ಟೈಟಲ್. ಚಿತ್ರದ ಆಕಾರ ಬದಲಾಗದ ಹಾಗೆ ಕ್ರಾಪ್ ಮಾಡಿ ತೆಗೆಯೋದು ಹೇಗೆ? ಚಿತ್ರ ಎಷ್ಟು ಹೋಗುತ್ತೆ?"

ಆಕಾರ ಬದಲಾಗಬಾರದು ಅನ್ನುವುದನ್ನು ಮೊದಲು ಕೈಬಿಡಿ. ಸಿನಿಮಾ ಬರಹಗಳಿಗೆ ಇಂಥ ಚಿತ್ರಗಳನ್ನೇ ಸಿದ್ಧಮಾಡುವವನಾಗಿ ಹೇಳುತ್ತೇನೆ, ಕ್ರಾಪ್‌ನಲ್ಲಿ ಆಗುವ ನಷ್ಟದ ಹೆಚ್ಚುಕಡಿಮೆ ಅರ್ಧಪಾಲು ಈ ಒಂದು ಷರತ್ತಿನಿಂದಲೇ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡು ಸಾಲಿನ ಸಬ್‌ಟೈಟಲ್‌ನ ಮೇಲಿನ ಸಾಲು, ಚಿತ್ರದ ತಲೆಯಿಂದ ಎಣಿಸಿದರೆ, 906ನೇ ಪಿಕ್ಸೆಲ್‌ನಲ್ಲಿ ಶುರುವಾಗುತ್ತದೆ ಎಂದುಕೊಳ್ಳಿ. (ನಿಮ್ಮದರಲ್ಲಿ ಎಲ್ಲಿದೆ ಅನ್ನುವುದನ್ನು ಪೇಂಟ್‌ನಲ್ಲಿ ಚಿತ್ರ ತೆರೆದು, ಅಕ್ಷರದ ನೆತ್ತಿಯ ಮೇಲೆ ಮೌಸ್ ಇಟ್ಟರೆ ಕೆಳಗಿನ ಪಟ್ಟಿಯಲ್ಲಿ ಕಾಣಬಹುದು. ಎರಡನೆಯ ಅಂಕಿ ನಿಮಗೆ ಬೇಕಾದದ್ದು.) ಅದಕ್ಕಿಂತ ಸ್ವಲ್ಪ ಮೇಲೆ, 896ರಲ್ಲಿ ಕತ್ತರಿಸುತ್ತೀರಿ. 1080ರಲ್ಲಿ ಹೋದದ್ದು 184, ಅಂದರೆ ಚಿತ್ರದ ಶೇ. 17. ಅಗಲ 1920 ಹಾಗೇ ಇದೆ.

ಈಗ ಅದೇ ಕೆಲಸವನ್ನು 16:9 ಆಕಾರ ಲಾಕ್ ಮಾಡಿಕೊಂಡು ಮಾಡಿ. ಎತ್ತರ 896ಕ್ಕೆ ಇಳಿದ ಕೂಡಲೇ ಅಗಲವೂ 1593ಕ್ಕೆ ಇಳಿಯುತ್ತದೆ. ಸಬ್‌ಟೈಟಲ್‌ಗೆ ಯಾವ ಸಂಬಂಧವೂ ಇಲ್ಲದ 327 ಪಿಕ್ಸೆಲ್ ಎಡಬಲಗಳಿಂದ ಹೋಯಿತು. ಒಟ್ಟು ನಷ್ಟ ಶೇ. 17 ಇದ್ದದ್ದು ಶೇ. 31 ಆಯಿತು. ಇಬ್ಬರು ಎದುರುಬದುರು ನಿಂತು ಮಾತಾಡುವ ದೃಶ್ಯವಾದರೆ ಅಂಚಿನಲ್ಲಿದ್ದವರ ಭುಜ, ಕಿವಿ ಕತ್ತರಿಸಿಹೋಗುವುದು ಇದರಿಂದಲೇ. ಎತ್ತರ ಮತ್ತು ಅಗಲ ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುವುದರಿಂದ ನಷ್ಟ ಒಂದರ ಮೇಲೊಂದು ಸೇರಿಕೊಳ್ಳುತ್ತದೆ. ತೊಂದರೆಯೆಂದರೆ ಇದು ತಾನಾಗಿಯೇ ಆಗಿಬಿಡುತ್ತದೆ. ಕ್ರಾಪ್ ಪರದೆಯಲ್ಲಿ Original ಅಥವಾ 16:9 ಆಯ್ಕೆಯಾಗಿದ್ದರೆ, ಕೆಳ ಅಂಚನ್ನು ಮೇಲಕ್ಕೆ ಎಳೆಯುವಾಗ ಪಕ್ಕದ ಅಂಚುಗಳೂ ಒಳಕ್ಕೆ ಸರಿಯುತ್ತವೆ. ಕಣ್ಣು ಸಬ್‌ಟೈಟಲ್ ಮೇಲಿರುವುದರಿಂದ ಅದು ಗಮನಕ್ಕೇ ಬರುವುದಿಲ್ಲ. Free ಆರಿಸಿಕೊಳ್ಳಿ. ಗಿಂಪ್‌ನಲ್ಲಾದರೆ ಕ್ರಾಪ್ ಸಲಕರಣೆಯ Fixed ಗುರುತು ತೆಗೆಯಿರಿ. ಉಳಿಸಿದ ಮೇಲೆ ಫೈಲಿನ ಅಳತೆ ನೋಡಿ. ಅಗಲ 1920 ಇಲ್ಲದಿದ್ದರೆ ಪಕ್ಕದಿಂದ ಏನೋ ಹೋಗಿದೆ ಎಂದೇ ಅರ್ಥ.

906ರಲ್ಲಿ ಅಕ್ಷರ ಶುರುವಾದರೂ 896ಕ್ಕೆ ಯಾಕೆ ಹೋಗಬೇಕು? ಅಕ್ಷರದ ಸುತ್ತ ಕಪ್ಪು ಅಂಚು ಇರುತ್ತದೆ, ನೆರಳೂ ಇರಬಹುದು. ಜೆಪೆಗ್ ಚಿತ್ರವಾದರೆ ಬಿಳಿ ಅಕ್ಷರದ ಸುತ್ತ ಧೂಳಿನಂಥ ಕಲೆಯೂ ಇರುತ್ತದೆ. ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ, ಬಣ್ಣಕ್ಕೆ ಬಹಳ ಸಲ 16ರ ಚೌಕ. ಕಲೆ ಆ ಚೌಕದ ಒಳಗೇ ಹರಡುತ್ತದೆ. ಆದ್ದರಿಂದ ಅಕ್ಷರಕ್ಕಿಂತ ಮೇಲಿರುವ, 16ರಿಂದ ಭಾಗವಾಗುವ ಅಂಕಿಯಲ್ಲಿ ಕತ್ತರಿಸಿದರೆ ಅದೂ ಹೋಗುತ್ತದೆ. 896 ಅಂದರೆ 16×56. ಕತ್ತರಿಸಿದ ಮೇಲೆ ಕೆಳ ಅಂಚನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ನೋಡಿ. ಅಲ್ಲಲ್ಲಿ ಕಪ್ಪು ಚುಕ್ಕೆ, ತೆಳು ಗೆರೆ ಕಂಡರೆ ಇನ್ನೊಂದು 16 ಮೇಲಕ್ಕೆ ಹೋಗಿ.

ಇಷ್ಟಾದ ಮೇಲೆ ಚಿತ್ರ ಏನೋ ಕುಸಿದ ಹಾಗೆ ಕಾಣಬಹುದು. ಕಾರಣ ಸರಳ. ಹತ್ತಿರದ ಶಾಟ್‌ಗಳಲ್ಲಿ ಕಣ್ಣನ್ನು ಸಾಮಾನ್ಯವಾಗಿ ಮೇಲಿನಿಂದ ಮೂರನೇ ಒಂದು ಭಾಗದಲ್ಲಿ, ಅಂದರೆ 360ರ ಆಸುಪಾಸಿನಲ್ಲಿ ಇಟ್ಟಿರುತ್ತಾರೆ. ಕೆಳಗಿನ 184 ಹೋದಾಗ ಕಣ್ಣು ಶೇ. 40ರ ಮಟ್ಟಕ್ಕೆ ಇಳಿಯುತ್ತದೆ, ತಲೆಯ ಮೇಲೆ ಬೇಡದ ಖಾಲಿ ಜಾಗ ಉಳಿಯುತ್ತದೆ. ಕೆಳಗೆ ಕತ್ತರಿಸಿದ್ದರ ಅರ್ಧದಷ್ಟನ್ನು, ಅಂದರೆ 92 ಪಿಕ್ಸೆಲ್, ಮೇಲಿನಿಂದಲೂ ತೆಗೆಯಿರಿ. ಕಣ್ಣು ಮತ್ತೆ ಮೂರನೇ ಒಂದಕ್ಕೆ ಬರುತ್ತದೆ. ಉಳಿಯುವ ಚಿತ್ರ 1920×804. ಸಿನಿಮಾಸ್ಕೋಪ್ ಎಂದು ನಾವು ಕರೆಯುವ 2.39:1 ಆಕಾರ ಇದೇ, ಕಣ್ಣಿಗೆ ಕತ್ತರಿಸಿದ್ದು ಅನ್ನಿಸುವುದೇ ಇಲ್ಲ. ಒಟ್ಟು ನಷ್ಟ ಶೇ. 25.6. ಮೇಲೆ-ಕೆಳಗೆ ಎರಡೂ ಕಡೆ ಕತ್ತರಿಸಿಯೂ 16:9 ಲಾಕ್‌ಗಿಂತ ಕಡಿಮೆಯೇ ಹೋಯಿತು. ಇಮೇಜ್‌ಮ್ಯಾಜಿಕ್ ಇದ್ದರೆ ಒಂದೇ ಸಾಲು ಸಾಕು:

```
magick shot.png -crop 1920x804+0+92 +repage out.png
```

ತಲೆ ಮೊದಲೇ ಮೇಲಂಚಿಗೆ ತಾಗಿಕೊಂಡಿದ್ದರೆ ಮಾತ್ರ ಮೇಲೆ ಮುಟ್ಟಬೇಡಿ.

ನಿಮ್ಮ ಸಿನಿಮಾ ಮೊದಲೇ ಸ್ಕೋಪ್‌ನದ್ದಾಗಿದ್ದರೆ ಲೆಕ್ಕ ಇನ್ನೂ ನಿಮ್ಮ ಪರವಾಗಿದೆ. ಆಗ 1080ರಲ್ಲಿ ಮೇಲೆ 138, ಕೆಳಗೆ 138 ಬರೀ ಕಪ್ಪುಪಟ್ಟಿ. ನಿಜವಾದ ಚಿತ್ರ 942ಕ್ಕೇ ಮುಗಿಯುತ್ತದೆ. ಅದೇ ಸಬ್‌ಟೈಟಲ್‌ಗಾಗಿ 896ರಲ್ಲಿ ಕತ್ತರಿಸಿದರೂ ಚಿತ್ರದಿಂದ ಹೋಗುವುದು 46 ಪಿಕ್ಸೆಲ್, 804ರಲ್ಲಿ ಶೇ. 6ಕ್ಕಿಂತ ಕಡಿಮೆ. ಒಂದೇ ಸಾಲಿನ ಮಾತಾಗಿದ್ದು ಅದು ಪೂರ್ತಿ ಕಪ್ಪುಪಟ್ಟಿಯಲ್ಲೇ ಕೂತಿದ್ದರೆ ನಷ್ಟ ಸೊನ್ನೆ. ಇಂಥ ಚಿತ್ರದಲ್ಲಿ ಮೇಲಿನ ಕಪ್ಪುಪಟ್ಟಿಯನ್ನೂ ತೆಗೆಯಲು ಮರೆಯಬೇಡಿ.

16:9 ಸಿನಿಮಾದಲ್ಲೂ ಒಂದು ಸಾಲಿನ ಮಾತಿರುವ ಕ್ಷಣ ಹುಡುಕುವುದು ಲಾಭ. ಅಕ್ಷರ 970ರ ಹತ್ತಿರ ಶುರುವಾದರೆ 960ರಲ್ಲಿ ಕತ್ತರಿಸಬಹುದು. ಹೋಗುವುದು ಶೇ. 11, ಉಳಿಯುವುದು ಸರಿಯಾಗಿ 2:1. ಆ ಆಕಾರದಲ್ಲೇ ಚಿತ್ರೀಕರಿಸಿದ ವೆಬ್ ಸರಣಿಗಳು ಸಾಕಷ್ಟಿವೆ.

ಆದರೆ ಸಿನಿಮಾ ಇನ್ನೂ ನಿಮ್ಮ ಕೈಗೆ ಸಿಗುವಂತಿದ್ದರೆ ಕತ್ತರಿ ಹಿಡಿಯುವ ಮೊದಲು ಅಲ್ಲಿಗೇ ಹೋಗಿ. ಸಬ್‌ಟೈಟಲ್ ಬೇರೆ ಪದರವಾಗಿದ್ದರೆ ಅದನ್ನು ಆಫ್ ಮಾಡಿ ಮತ್ತೆ ಸ್ಕ್ರೀನ್‌ಶಾಟ್ ತೆಗೆಯುವುದೇ ಸರಿಯಾದ ದಾರಿ. ಯೂಟ್ಯೂಬ್‌ನಲ್ಲಿ `C` ಒತ್ತಿದರೆ ಕ್ಯಾಪ್ಷನ್ ಹೋಗುತ್ತದೆ, ವಿಎಲ್‌ಸಿಯಲ್ಲಿ ಅದು ಹೋಗುವ ತನಕ `V` ಒತ್ತುತ್ತಿರಿ. ಎಂಪಿವಿಯಲ್ಲಿ `Shift+S` ಸಬ್‌ಟೈಟಲ್ ಬಿಟ್ಟು ಬರೀ ಚಿತ್ರವನ್ನೇ ತೆಗೆಯುತ್ತದೆ. ಹೋಗದೆ ಉಳಿದರೆ ಅಕ್ಷರಗಳು ಚಿತ್ರದೊಳಗೇ ಅಚ್ಚಾಗಿವೆ ಎಂದರ್ಥ. ಆಗಲೂ ಒಂದು ಅವಕಾಶವಿದೆ. ಬೆನ್ನುಬೆನ್ನಿಗೆ ಬರುವ ಎರಡು ಸಬ್‌ಟೈಟಲ್‌ಗಳ ನಡುವೆಯೂ ಸಾಮಾನ್ಯವಾಗಿ ಎರಡು ಫ್ರೇಮ್ ಖಾಲಿ ಬಿಡುವ ರೂಢಿ ಇದೆ. ಯೂಟ್ಯೂಬ್‌ನಲ್ಲಿ ವಿಡಿಯೋ ನಿಲ್ಲಿಸಿ `,` ಮತ್ತು `.` ಒತ್ತುತ್ತಾ, ವಿಎಲ್‌ಸಿಯಲ್ಲಿ `E` ಒತ್ತುತ್ತಾ ಒಂದೊಂದೇ ಫ್ರೇಮ್ ಸರಿದರೆ ಆ ಖಾಲಿ ಫ್ರೇಮ್ ಸಿಗುತ್ತದೆ. ಸೆಕೆಂಡಿನ ಹನ್ನೆರಡನೇ ಒಂದು ಭಾಗದಲ್ಲಿ ನಟರ ಮುಖಭಾವ ಹೆಚ್ಚೇನೂ ಬದಲಾಗಿರುವುದಿಲ್ಲ.

ಕೊನೆಯದಾಗಿ ಫೈಲಿನ ಬಗೆ. ಪಿಎನ್‌ಜಿ ಆದರೆ ಎಷ್ಟು ಸಲ ಕತ್ತರಿಸಿ ಉಳಿಸಿದರೂ ಗುಣಮಟ್ಟ ಇಳಿಯದು. ಜೆಪೆಗ್ ಅನ್ನು ಸಾಮಾನ್ಯ ಎಡಿಟರ್‌ನಲ್ಲಿ ಉಳಿಸಿದಾಗ ಪೂರ್ತಿ ಚಿತ್ರ ಮತ್ತೊಮ್ಮೆ ಕುಗ್ಗುತ್ತದೆ. ಅದನ್ನು ತಪ್ಪಿಸಲು:

```
jpegtran -crop 1920x800+0+96 -outfile out.jpg shot.jpg
```

ಇಲ್ಲಿ 92ರ ಬದಲು 96 ಕೊಟ್ಟದ್ದು ಬೇಕೆಂದೇ. ಮೇಲಂಚು ಚೌಕದ ಗಡಿಯಲ್ಲಿ ಇಲ್ಲದಿದ್ದರೆ ಜೆಪೆಗ್‌ಟ್ರಾನ್ ಅದನ್ನು ತಾನೇ ಹಿಂದಿನ ಗಡಿಗೆ, 16ರ ಚೌಕವಾದರೆ 80ಕ್ಕೆ, ಸರಿಸಿಬಿಡುತ್ತದೆ. ಕೆಳ ಅಂಚಿಗೆ ಆ ಕಟ್ಟುಪಾಡಿಲ್ಲ. ಬರೀ ಕೆಳಗಿನಿಂದಷ್ಟೇ ಕತ್ತರಿಸುವುದಾದರೆ ಯಾವ ಅಂಕಿ ಕೊಟ್ಟರೂ ನಡೆಯುತ್ತದೆ.