ಕೈ ಕೆಸರಲ್ಲಿದ್ದಾಗ ವಾಚಿನ ನಡುಕ ಗುರುತಿಸೋದು

ಪ್ರಶ್ನೆ: "ಅಮೇಜ್‌ಫಿಟ್ ವಾಚ್ ಕಟ್ಟಿದೀನಿ. ಪಂಪಿನ ಮೋಟರ್ ಸ್ಟಾರ್ಟರ್ ಕಳಿಸೋ ಮೆಸೇಜೋ, ಮನೆ ಫೋನೋ, ವಾಟ್ಸಾಪೋ ಗೊತ್ತಾಗಲ್ಲ, ಎಲ್ಲಾ ಒಂದೇ ಥರ ನಡುಗುತ್ತೆ. ಕೈಯೆಲ್ಲಾ ಕೆಸರು, ತೋಳು ಮೇಲೆತ್ತಿ ನೋಡೋಕಾಗಲ್ಲ. ಏನ್ ಮಾಡ್ಲಿ?"

ಉತ್ತರ:

ಅಣ್ಣ, ಮೇಲೆ ಒಬ್ರು "ಸ್ಟ್ರಾಂಗ್ ಇಡಿ, ಸಾಕು" ಅಂದಿದಾರೆ. ಅರ್ಧ ಸರಿ. ಜೋರು ಮಾಡಿದ್ರೆ ಬಂದಿದ್ದು ತಿಳಿಯುತ್ತೆ, ಏನು ಬಂತು ಅನ್ನೋದು ತಿಳಿಯಲ್ಲ. ಕೆಲಸದಲ್ಲಿರೋ ಕೈಗೆ ಜೋರು, ಮೆಲ್ಲಗೆ ಅನ್ನೋ ವ್ಯತ್ಯಾಸ ಸಿಗೋದೇ ಇಲ್ಲ. ಸಿಗೋದು ಉದ್ದ, ಗಿಡ್ಡ, ನಡುವಿನ ಬಿಡುವು.

ಫೋನಿನ Zepp ಆ್ಯಪಲ್ಲಿ ನಿಮ್ಮ ವಾಚಿನ ಸೆಟ್ಟಿಂಗ್ ಒಳಗೆ Vibration ಹುಡುಕಿ. ಮಾದರಿ ನೋಡಿ ಜಾಗ ಬದಲಾಗುತ್ತೆ. ಅಲ್ಲಿ ಕರೆ, ಎಸ್ಸೆಮ್ಮೆಸ್, ಆ್ಯಪ್, ಅಲಾರಂ ಬೇರೆಬೇರೆ ಇರುತ್ತೆ. ಸಾಮಾನ್ಯವಾಗಿ ಸ್ವಂತ ನಡುಕ ತಟ್ಟಿ ಮಾಡ್ಕೊಳ್ಳೋಕೂ ಬರುತ್ತೆ.

ನಾನು ಇಟ್ಟಿರೋದು ಹೀಗೆ. ಫೋನ್ ಕರೆಗೆ ಒಂದು ಸೆಕೆಂಡಿನ ಉದ್ದ ನಡುಕ, ಬಿಡುವು, ಮತ್ತೆ ಉದ್ದ. ಸ್ಟಾರ್ಟರ್ ಎಸ್ಸೆಮ್ಮೆಸ್‌ಗೆ ಮೂರು ಗಿಡ್ಡ. ವಾಟ್ಸಾಪ್ ಪೂರ್ತಿ ಬಂದ್, ಅದಕ್ಕೆ ಹಗಲಲ್ಲಿ ಯಾರು ಕಾಯ್ತಾರೆ! ಗಿಡ್ಡದ್ದನ್ನ ತೀರಾ ಬೇಗಬೇಗ ತಟ್ಟಬೇಡಿ. ವಾಚೊಳಗಿನ ಸಣ್ಣ ಮೋಟರಿಗೆ ತಿರುಗೋಕೂ ನಿಲ್ಲೋಕೂ ಒಂದಿಷ್ಟು ಹೊತ್ತು ಬೇಕು, ಬಿಡುವು ಕಮ್ಮಿಯಾದ್ರೆ ಮೂರೂ ಕೂಡ್ಕೊಂಡು ಒಂದೇ ಗುಯ್ ಅನ್ನುತ್ತೆ. ಅರ್ಧ ಸೆಕೆಂಡು ಬಿಡಿ. ಮೂರಕ್ಕಿಂತ ಜಾಸ್ತಿ ಎಣಿಸೋಕಾಗಲ್ಲ.

ಮೊದಲ ದಿನ ನನಗೆ ಒಂದೇ ಮೆಸೇಜಿಗೆ ಎರಡು ಸಲ ನಡುಗ್ತಿತ್ತು. ಎಸ್ಸೆಮ್ಮೆಸ್ ಅಂತ ಒಂದ್ಸಲ, ಆ್ಯಪ್ ಪಟ್ಟಿಯಲ್ಲಿ ಮೆಸೇಜ್ ಆ್ಯಪೂ ಆನ್ ಇದ್ದಿದ್ದಕ್ಕೆ ಇನ್ನೊಂದ್ಸಲ. ಪಟ್ಟಿಯಲ್ಲಿ ಅದನ್ನ ಆಫ್ ಮಾಡಿದ ಮೇಲೆ ಸರಿಹೋಯ್ತು. ಬ್ಯಾಂಕು, ಲೋನು, ರೀಚಾರ್ಜ್ ಮೆಸೇಜೂ ಅದೇ ಮೂರು ಗಿಡ್ಡ ಕೊಡುತ್ತಲ್ಲ, ಅವನ್ನ ಫೋನಲ್ಲೇ ಒಂದೊಂದಾಗಿ ನೋಟಿಫಿಕೇಶನ್ ಬಂದ್ ಮಾಡಿ. ಇದು ಬೇಜಾರಿನ ಕೆಲಸ, ಆದ್ರೆ ಮಾಡದಿದ್ರೆ ಮೇಲಿನದ್ದೆಲ್ಲಾ ದಂಡ.

ವಾಚಿನ ಪಟ್ಟಿ ಬಿಗಿಯಾಗಿರಲಿ, ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ. ಸಡಿಲವಾದ್ರೆ ಗಿಡ್ಡದ್ದು ಚರ್ಮಕ್ಕೆ ಮುಟ್ಟೋದೇ ಇಲ್ಲ.

ಆ್ಯಪಲ್ ವಾಚಲ್ಲಿ ಇದನ್ನ ಹೇಗೆ ಮಾಡೋದು ಅಂತ ಕೇಳಿದ ಅಕ್ಕನಿಗೆ: Settings > Sounds & Haptics ಒಳಗೆ Prominent ಇಡಿ, ಕೆಲವು ಸೂಚನೆಗೆ ಮುಂಚೆ ಒಂದು ತಟ್ಟು ಜಾಸ್ತಿ ಬರುತ್ತೆ. ಅಣ್ಣನಿಗೆ ಹೇಳಿದ ಉದ್ದ-ಗಿಡ್ಡ ಅದಕ್ಕೆ ಹೊಂದಲ್ಲ. ಗಂಟೆ ತಿಳಿಸೋ ತಟ್ಟು ಬೇಕಿದ್ರೆ Clock ಒಳಗೆ Taptic Time ಇದೆ, ಅದು ಬೇರೆ ವಿಷಯ.

ಕಳೆ ಕೊಚ್ಚೋ ಯಂತ್ರ ಹಿಡಿದಾಗ ಮಾತ್ರ ನನಗೂ ಏನೂ ತಿಳಿಯಲ್ಲ, ಯಂತ್ರದ ನಡುಕ ಎರಡೂ ಕೈ ಮುಚ್ಚಿಬಿಡುತ್ತೆ. ಆಗ ವಾಚ್ ನಂಬದೆ, ಟ್ಯಾಂಕಿನ ಪೆಟ್ರೋಲ್ ಮುಗಿದಾಗ ಫೋನ್ ತೆಗೆದು ನೋಡ್ತೀನಿ. ಯಾರಿಗಾದ್ರೂ ಬೇರೆ ದಾರಿ ಸಿಕ್ಕಿದ್ರೆ ಇಲ್ಲೇ ಬರೀರಿ.