ಹೆಜ್ಜೆ ಸದ್ದು ಮುಂದಿನದೋ ಹಿಂದಿನದೋ ಗೊತ್ತಾಗದವರಿಗೆ

"ಅಣ್ಣಂದಿರೇ, ಎಡ ಬಲ ಸರಿಯಾಗಿ ಗೊತ್ತಾಗುತ್ತೆ. ಆದ್ರೆ ಹೆಜ್ಜೆ ಸದ್ದು ಮುಂದಿಂದಾನಾ ಹಿಂದಿಂದಾನಾ ಅಂತ ಗೊತ್ತೇ ಆಗಲ್ಲ. ತಪ್ಪು ಕಡೆ ತಿರುಗಿ ಸಾಯ್ತಾ ಇದೀನಿ. ಗೇಮ್‌ನಲ್ಲಿ HRTF ಆನ್ ಇದೆ, ಹೆಡ್‌ಸೆಟ್ ಬಾಕ್ಸ್ ಮೇಲೆ 7.1 ಅಂತಾನೂ ಇದೆ. ಹೊಸದು ತಗೋಬೇಕಾ?"

ಬೇಡ, ಈಗಲೇ ದುಡ್ಡು ಹಾಕಬೇಡಿ. ನೀವು ಬರೆದಿದ್ದರಲ್ಲೇ ಅನುಮಾನ ಪಡುವಂಥದ್ದು ಒಂದಿದೆ. ಗೇಮ್‌ನ HRTF, ಹೆಡ್‌ಸೆಟ್‌ನ 7.1 ಎರಡೂ ಸದ್ದಿಗೆ ದಿಕ್ಕು ಕೊಡುವ ಸಂಸ್ಕರಣೆಗಳೇ. ಅವೆರಡೂ ಒಟ್ಟಿಗೆ ಆನ್ ಇದ್ದರೆ ನೀವು ಹೇಳಿದ ತೊಂದರೆಯೇ ಆಗುತ್ತದೆ. ಎಡ ಬಲ ಉಳಿಯುತ್ತದೆ, ಹಿಂದೆ ಮುಂದೆ ಕೆಡುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಮುಂದೆ ಯಾವ ಗೇಮ್ ಹಾಕಿದರೂ ನೀವೇ ಸರಿಮಾಡಿಕೊಳ್ಳಬಹುದು.

ಬಲಗಡೆಯ ಸದ್ದು ಬಲಗಿವಿಗೆ ಮೊದಲು ಮುಟ್ಟುತ್ತದೆ, ಎಡಗಿವಿಗೆ ಆಮೇಲೆ. ಪೂರ್ತಿ ಬಲಗಡೆಯಿಂದ ಬಂದರೂ ಈ ಅಂತರ ಸುಮಾರು 0.65 ಮಿಲಿಸೆಕೆಂಡ್ ಅಷ್ಟೆ. ಜೊತೆಗೆ ನಡುವೆ ತಲೆ ಅಡ್ಡ ಇರುವುದರಿಂದ ಎಡಗಿವಿಗೆ ಸದ್ದು ಸ್ವಲ್ಪ ಮಂಕಾಗಿಯೂ ಬರುತ್ತದೆ. ಮಿದುಳು ಈ ಎರಡನ್ನೂ ಸಲೀಸಾಗಿ ಹಿಡಿಯುತ್ತದೆ. ಎಡ ಬಲದ ಈ ಸುಳಿವು ಗಟ್ಟಿ. ಅಗ್ಗದ ಇಯರ್‌ಫೋನ್‌ನಲ್ಲೂ ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ.

ಹಿಂದೆ ಮುಂದೆ ಹಾಗಲ್ಲ. ನೇರ ಮುಂದಿನಿಂದ 30 ಡಿಗ್ರಿ ಬಲಕ್ಕೆ ಒಬ್ಬ ಎದುರಾಳಿ ಇದ್ದಾನೆ ಅಂದುಕೊಳ್ಳಿ. ಇನ್ನೊಬ್ಬ ನಿಮ್ಮ ಬೆನ್ನ ಹಿಂದೆ, ಅಷ್ಟೇ ಓರೆಯಲ್ಲಿ, ಅಂದರೆ 150 ಡಿಗ್ರಿಯಲ್ಲಿ. ತಲೆಯನ್ನು ಒಂದು ಚೆಂಡು ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಇಬ್ಬರ ಹೆಜ್ಜೆಯೂ ಎರಡು ಕಿವಿಗಳ ನಡುವೆ ಸುಮಾರು 0.26 ಮಿಲಿಸೆಕೆಂಡ್ ಅಂತರದಲ್ಲೇ ಬರುತ್ತದೆ. ಸದ್ದಿನ ಜೋರೂ ಹೆಚ್ಚುಕಮ್ಮಿ ಒಂದೇ. ಹಾಗಿದ್ದರೂ ನಿಜ ಜೀವನದಲ್ಲಿ ನಮಗೆ ಗೊತ್ತಾಗುತ್ತದೆ, ಅಲ್ವಾ? ಅದು ಹೊರಗಿವಿಯ ಮಡಿಕೆಗಳ ಕೆಲಸ. ಅವು ಸಣ್ಣವು, ಹಾಗಾಗಿ ಕೆಲವೇ ಸೆಂಟಿಮೀಟರ್ ಅಲೆಯುದ್ದದ ಚೂಪು ಸದ್ದಿನ ಮೇಲೆ ಮಾತ್ರ ಅವುಗಳ ಆಟ ನಡೆಯುತ್ತದೆ. ಅಂದರೆ ಸುಮಾರು 5 ಕಿಲೋಹರ್ಟ್ಸ್‌ನಿಂದ ಮೇಲಿನದು. ಹಿಂದಿನಿಂದ ಬಂದ ಸದ್ದಿನಲ್ಲಿ ಆ ಭಾಗ ಒಂದು ರೀತಿ ತಗ್ಗುತ್ತದೆ, ಮುಂದಿನಿಂದ ಬಂದದ್ದರಲ್ಲಿ ಇನ್ನೊಂದು ರೀತಿ.

ಹೆಡ್‌ಫೋನ್ ಹಾಕಿಕೊಂಡಾಗ ಸದ್ದು ನೇರ ಕಿವಿಯೊಳಗೇ ಹೋಗುತ್ತದೆ. ದೂರದಿಂದ ಬಂದ ಸದ್ದಿನ ಮೇಲೆ ಮಡಿಕೆಗಳು ಹಾಕುವ ಗುರುತು ಅದರಲ್ಲಿ ಇರುವುದಿಲ್ಲ. ಆ ಕೆಲಸವನ್ನು HRTF ಮಾಡುತ್ತದೆ. ಯಾವುದೋ ತಲೆ ಮತ್ತು ಕಿವಿಯ ಸುತ್ತ ಬೇರೆ ಬೇರೆ ದಿಕ್ಕಿನಿಂದ ಸದ್ದು ಮಾಡಿ, ಕಿವಿಯಲ್ಲಿ ಮೈಕ್ ಇಟ್ಟು ಅಳೆದ ಅಂಕಿ ಅದು. ಗೇಮ್ ಪ್ರತಿ ಹೆಜ್ಜೆಗೂ ಆ ದಿಕ್ಕಿನ ಗುರುತು ಒತ್ತಿ ಎರಡೇ ಚಾನೆಲ್‌ನಲ್ಲಿ ನಿಮಗೆ ಕೊಡುತ್ತದೆ.

ಈಗ ನಿಮ್ಮ 7.1 ನಡುವೆ ಬಂತು. ಗುರುತು ಒತ್ತಿ ಬಂದ ಎರಡು ಚಾನೆಲ್‌ಗಳನ್ನು ಅದು "ಮುಂದೆ ಎಡ ಬಲ ಇಟ್ಟ ಎರಡು ಸ್ಪೀಕರ್" ಅಂತ ತಿಳಿಯುತ್ತದೆ. ಅದರ ಮೇಲೆ ಇನ್ನೊಮ್ಮೆ ಮುಂದಿನ ಗುರುತು ಒತ್ತುತ್ತದೆ. ಹಿಂದಿನ ಹೆಜ್ಜೆಗೂ ಮುಂದಿನ ಹೆಜ್ಜೆಗೂ ಒಂದೇ ಮುದ್ರೆ. ಎಡ ಬಲದ ಅಂತರ ಹೇಗೋ ಬದುಕುತ್ತದೆ, ಚೂಪು ಸದ್ದಿನ ಸಣ್ಣ ತಗ್ಗುಗಳು ಕಲಸಿಹೋಗುತ್ತವೆ. ಎಲ್ಲವೂ ಸ್ವಲ್ಪ ಹಂಡೆಯೊಳಗಿಂದ ಬಂದ ಹಾಗೆ ಕೇಳಿದರೆ ಇದೇ ಅಂತ ತಿಳಿಯಿರಿ.

ಮೇಲೆ ಒಬ್ಬರು "7.1 ಅಂದ್ರೆ ಎಂಟು ಸ್ಪೀಕರ್, ಜಾಸ್ತಿ ಇದ್ದಷ್ಟೂ ಒಳ್ಳೇದು" ಅಂದಿದ್ದಾರೆ. ಅರ್ಧ ಸರಿ. ಗೇಮ್‌ಗೆ ತನ್ನದೇ HRTF ಇಲ್ಲದೆ, ಅದು ನಿಜಕ್ಕೂ ಎಂಟು ಚಾನೆಲ್ ಹೊರಗೆ ಕಳಿಸುತ್ತಿದ್ದರೆ, ಹೆಡ್‌ಸೆಟ್‌ನ 7.1 ಅಥವಾ ವಿಂಡೋಸ್‌ನಲ್ಲೇ ಇರುವ Windows Sonic ಅದನ್ನು ಎರಡು ಕಿವಿಗೆ ಇಳಿಸಿ ಹಿಂದೆ ಮುಂದೆ ತೋರಿಸಬಲ್ಲದು. ಆಗ ಅದು ಬೇಕು. ಗೇಮೇ ಆ ಕೆಲಸ ಮಾಡುತ್ತಿರುವಾಗ ಬೇಡ. ಇಡೀ ದಾರಿಯಲ್ಲಿ ಒಬ್ಬರೇ ಮಾಡಬೇಕು, ಅಷ್ಟೆ. ವ್ಯಾಲರಂಟ್‌ಗೆ 2021ರಲ್ಲಿ HRTF ಬಂದಾಗ ಆ ಗೇಮ್ ಮಾಡಿದವರೂ ಬೇರೆ ಸಂಸ್ಕರಣೆ ಆಫ್ ಮಾಡಿ ಅಂತಲೇ ಹೇಳಿದ್ದರು.

ಹಾಗಾಗಿ ಮೊದಲು ಹೆಡ್‌ಸೆಟ್‌ನ ಸಾಫ್ಟ್‌ವೇರ್ ತೆರೆದು 7.1 ಆಫ್ ಮಾಡಿ. ಆಮೇಲೆ ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಡ್‌ಸೆಟ್ ಆರಿಸಿ Spatial sound ಅನ್ನು Off ಮಾಡಿ. ಅಲ್ಲೇ Mono audio ಆಫ್ ಇದೆಯಾ ನೋಡಿ. ಗೇಮ್‌ನಲ್ಲಿ ಸ್ಪೀಕರ್ ಆಯ್ಕೆ ಸ್ಟೀರಿಯೋ ಅಥವಾ ಹೆಡ್‌ಫೋನ್ ಇರಲಿ, HRTF ಆನ್ ಇರಲಿ. ಬಾಸ್ ಬೂಸ್ಟ್ ಇದ್ದರೆ ಅದನ್ನೂ ತೆಗೆಯಿರಿ, ಸ್ಫೋಟದ ಗುಡುಗು ಹೆಜ್ಜೆಯ ಚೂಪನ್ನು ನುಂಗುತ್ತದೆ. ಒಂದು ಎಚ್ಚರ: ನನ್ನ ಹಳೆಯ ಹೆಡ್‌ಸೆಟ್‌ನ ಸಾಫ್ಟ್‌ವೇರ್ ಪ್ರತಿ ಅಪ್‌ಡೇಟ್ ಆದಮೇಲೆ 7.1 ಅನ್ನು ತಾನೇ ಮತ್ತೆ ಆನ್ ಮಾಡಿಕೊಳ್ಳುತ್ತಿತ್ತು. ನನಗೆ ವಯಸ್ಸಾಯಿತು, ಕಿವಿ ಹೋಯಿತು ಅಂತ ಎರಡು ತಿಂಗಳು ಸುಮ್ನೆ ಕೊರಗಿದ್ದೇನೆ.

ಸೆಟ್ಟಿಂಗ್ಸ್ ಸರಿಯಾದ ಮೇಲೂ ಕೆಲವು ಸಲ ಮುಂದಿನದು ಹಿಂದೆ ಕೇಳಿಸುತ್ತದೆ. ಗೇಮ್ ಬಳಸುವ ಕಿವಿ ನಿಮ್ಮದಲ್ಲವಲ್ಲ. ಅದಕ್ಕೊಂದು ಉಪಾಯ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ನಿಜ ಜೀವನದಲ್ಲಿ ಗೊಂದಲವಾದರೆ ತಲೆ ಸ್ವಲ್ಪ ತಿರುಗಿಸುತ್ತೇವೆ. ಗೇಮ್‌ನಲ್ಲಿ ಕುರ್ಚಿಯಲ್ಲಿ ಕೂತು ತಲೆ ತಿರುಗಿಸಿದರೆ ಏನೂ ಆಗದು, ಅಲ್ಲಿ ನಿಮ್ಮ ತಲೆ ಅಂದರೆ ಮೌಸ್.

ಮೊದಲಿನ ಉದಾಹರಣೆಗೇ ಬನ್ನಿ. ಹೆಜ್ಜೆ ಬಲಗಡೆ ಓರೆಯಲ್ಲಿ ಕೇಳಿತು. ಮೌಸನ್ನು ಬಲಕ್ಕೆ 20 ಡಿಗ್ರಿಯಷ್ಟು ಎಳೆಯಿರಿ. ಅವನು ಮುಂದೆ ಇದ್ದರೆ 30ರಿಂದ 10 ಡಿಗ್ರಿಗೆ ಬಂದ, ಕಿವಿಗಳ ಅಂತರ 0.26ರಿಂದ 0.09 ಮಿಲಿಸೆಕೆಂಡ್‌ಗೆ ಇಳಿಯಿತು. ಸದ್ದು ತಲೆಯ ನಡುವಿಗೆ ಸರಿಯುತ್ತದೆ. ಹಿಂದೆ ಇದ್ದರೆ 150 ಇದ್ದದ್ದು 130 ಆಯಿತು, ಅಂತರ ಸುಮಾರು 0.42ಕ್ಕೆ ಏರಿತು. ಸದ್ದು ಇನ್ನೂ ಬಲಕ್ಕೆ ಜಾರುತ್ತದೆ. ಸದ್ದಿನ ಕಡೆ ತಿರುಗಿದಾಗ ಅದು ನಡುವಿಗೆ ಬಂದರೆ ಮುಂದೆ, ದೂರ ಸರಿದರೆ ಹಿಂದೆ. ಇಲ್ಲಿ ಬಳಸಿದ್ದು ಗಟ್ಟಿಯಾದ ಎಡ ಬಲದ ಸುಳಿವನ್ನೇ. ಹಾಗಾಗಿ HRTF ಇಲ್ಲದ ಸಾದಾ ಸ್ಟೀರಿಯೋದಲ್ಲೂ ಇದು ನಡೆಯುತ್ತದೆ.

ಮಿತಿಯೂ ಇದೆ. ಹೋಲಿಸಲು ಕನಿಷ್ಠ ಎರಡು ಮೂರು ಹೆಜ್ಜೆ ಬೇಕು. ಆ ಹೊತ್ತಿಗೆ ಅವನೂ ಅಡ್ಡ ಓಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. ನೀವೇ ಓಡುತ್ತಿದ್ದರೆ ನಿಮ್ಮ ಹೆಜ್ಜೆ ಅವನದನ್ನು ಮುಚ್ಚುತ್ತದೆ. ನಿಂತು ತಿರುಗಿಸಿ.

ಮೇಲೆ ಕೆಳಗೆ ವಿಷಯಕ್ಕೆ ಈ ಉಪಾಯ ಬರುವುದಿಲ್ಲ. ಕೌಂಟರ್ ಸ್ಟ್ರೈಕ್‌ನ ನ್ಯೂಕ್ ಮ್ಯಾಪ್‌ನಲ್ಲಿ ಎರಡು ಬಾಂಬ್ ಸೈಟ್‌ಗಳು ಒಂದರ ಮೇಲೊಂದು ಇವೆ. ಅಲ್ಲಿ ಕಿವಿಯ ಮಡಿಕೆಯ ಸುಳಿವೊಂದೇ ಗತಿ, ಅದೂ ಬೇರೆಯವರ ಕಿವಿಯದ್ದು. ನಾನಂತೂ ಅಲ್ಲಿ ಎತ್ತರಕ್ಕಿಂತ ಕಬ್ಬಿಣ, ಕಾಂಕ್ರೀಟ್ ಅಂತ ನೆಲದ ಸದ್ದನ್ನೇ ನಂಬುತ್ತೇನೆ. ಅಭ್ಯಾಸದಿಂದ ಸ್ವಲ್ಪ ಸುಧಾರಿಸಬಹುದು. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರ ಕಿವಿಯೊಳಗೆ ಅಚ್ಚು ಕೂರಿಸಿ ಮಡಿಕೆಯ ಆಕಾರ ಬದಲಿಸಿದರು. ಮೇಲೆ ಕೆಳಗೆ ಗುರುತಿಸುವುದು ತಕ್ಷಣ ಕೆಟ್ಟುಹೋಯಿತು, ಕೆಲವು ವಾರ ಹಾಕಿಕೊಂಡೇ ಓಡಾಡಿದ ಮೇಲೆ ಮತ್ತೆ ಬಂತು. ಅವರು ಎಚ್ಚರವಿದ್ದಷ್ಟು ಹೊತ್ತೂ ಅದೇ ಕಿವಿಯಲ್ಲಿದ್ದರು, ನಾವು ದಿನಕ್ಕೆ ಎರಡು ಗಂಟೆ. ಹಾಗಾಗಿ ಅಷ್ಟು ಬೇಗ ನಿರೀಕ್ಷಿಸಬೇಡಿ, ಆದರೆ ದಿನಕ್ಕೊಂದು ಸೆಟ್ಟಿಂಗ್ ಬದಲಿಸಿದರೆ ಅದೂ ಆಗದು.

ಬ್ಲೂಟೂತ್ ಇಯರ್‌ಬಡ್‌ನಲ್ಲಿ ಎಡ ಬಲವೇ ಗೊತ್ತಾಗಲ್ಲ ಅಂದ ಗೆಳೆಯರೇ, ನಿಮ್ಮದು ಬೇರೆ ಕಾಯಿಲೆ. ವಾಯ್ಸ್ ಚಾಟ್‌ಗೆ ಬಡ್‌ನ ಮೈಕ್ ಆನ್ ಆದ ಕೂಡಲೇ ಸಾಮಾನ್ಯ ಬ್ಲೂಟೂತ್ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಅದು ಮೋನೋ, ಮೇಲಾಗಿ ಚೂಪು ಸದ್ದೂ ಕತ್ತರಿಸಿಹೋಗುತ್ತದೆ. ಮೈಕ್ ಬೇರೆ ಇಟ್ಟುಕೊಳ್ಳಿ, ಇಲ್ಲವೇ ವೈರ್ ಹಾಕಿ. ಹೊಸ ಎಲ್‌ಇ ಆಡಿಯೋ ಬಡ್‌ಗಳಲ್ಲಿ ಹೀಗಾಗಬೇಕೆಂದಿಲ್ಲ.

Loudness Equalization ಹಾಕಿ ಅಂದವರು ಪ್ರಶ್ನೆಯನ್ನು "ಹೆಜ್ಜೆ ಕೇಳಿಸುತ್ತಿಲ್ಲ" ಅಂತ ಓದಿಕೊಂಡಿದ್ದಾರೆ. ಅದು ಸಣ್ಣ ಸದ್ದನ್ನು ಎತ್ತುತ್ತದೆ, ನಿಜ. ಆದರೆ ದೂರದವನೂ ಹತ್ತಿರದವನೂ ಒಂದೇ ಜೋರಿನಲ್ಲಿ ಕೇಳಿ ದೂರದ ಅಂದಾಜು ಹೋಗುತ್ತದೆ. ಚೆನ್ನಾಗಿ ಆಡುವವರಲ್ಲೂ ಅದನ್ನು ಬಿಡದವರಿದ್ದಾರೆ, ಜಗಳಕ್ಕೆ ಬರಲ್ಲ. ನನಗೆ ಮಾತ್ರ ಬೇಡ.

ಎಲ್ಲ ಬದಲಿಸಿದ ಮೇಲೆ ಗೆಳೆಯರೊಬ್ಬರನ್ನು ಖಾಸಗಿ ಮ್ಯಾಚ್‌ಗೆ ಕರೆಯಿರಿ. ಬಯಲಿನಂಥ ಜಾಗದಲ್ಲಿ ನೀವು ಕಣ್ಣು ಮುಚ್ಚಿ ನಿಲ್ಲಿ, ಮೌಸ್ ಮುಟ್ಟಬೇಡಿ. ಅವರು ನಿಮ್ಮ ಸುತ್ತ ಬೇರೆ ಬೇರೆ ಕಡೆ ನಾಲ್ಕು ಹೆಜ್ಜೆ ಓಡಿ ನಿಲ್ಲಲಿ, ನೀವು ದಿಕ್ಕು ಹೇಳಿ, ಅವರು ಬರೆದುಕೊಳ್ಳಲಿ. 20 ಸಲ ಮಾಡಿ. ಸುಮ್ನೆ ಊಹಿಸಿದರೂ ಹಿಂದೆ ಮುಂದೆಯಲ್ಲಿ 10 ಸರಿಯಾಗುತ್ತವೆ, ಹಾಗಾಗಿ 11, 12 ಬಂದರೆ ಖುಷಿಪಡಬೇಡಿ. 16 ದಾಟಿದರೆ ಗುರುತು ಕಿವಿಗೆ ಮುಟ್ಟುತ್ತಿದೆ ಅಂತ. ಎಡ ಬಲದಲ್ಲೇ ತಪ್ಪಾದರೆ ಹೆಡ್‌ಸೆಟ್ ಉಲ್ಟಾ ಹಾಕಿದ್ದೀರಾ ನೋಡಿಕೊಳ್ಳಿ, ನಗಬೇಡಿ, ನನಗೆ ಆಗಿದೆ. ಆಮೇಲೆ 7.1 ಆನ್ ಮಾಡಿ ಇನ್ನೊಮ್ಮೆ 20. ಎರಡೂ ಸಂಖ್ಯೆಗಳನ್ನು ಇಲ್ಲಿ ಹಾಕಿ. ಆಫ್ ಮಾಡಿದಾಗಲೂ 10ರ ಆಸುಪಾಸಿನಲ್ಲೇ ಇದ್ದರೆ ಆಗ ಹೆಡ್‌ಸೆಟ್ ಬಗ್ಗೆ ಮಾತಾಡೋಣ.